ನಿಂತೊಡನೆ ಓಡುವ ನಾಡಿ: ಹರೆಯದ ತಲೆಸುತ್ತೆಲ್ಲವೂ ‘ಲೋ ಬಿಪಿ’ ಅಲ್ಲ

ಹರೆಯದ ಮಕ್ಕಳಿಗೆ ತಲೆ ಸುತ್ತಿದರೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ‘ಲೋ ಬಿಪಿ’. ಮಂಗಳಾರತಿಯ ಹೊತ್ತಿನಲ್ಲಿ ಜನಸಂದಣಿಯ ನಡುವೆ ನಿಂತ ಹುಡುಗಿಯೊಬ್ಬಳು ಕಣ್ಣು ಕತ್ತಲೆಗಟ್ಟಿ ಕುಸಿದರೆ ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ಎಚ್ಚರ ಬರುವ ಮೊದಲೇ ಬಾಯಿಗೆ ಸಕ್ಕರೆ ನೀರು ಹನಿಸುತ್ತಾರೆ, ಮೂರನೆಯವರು ‘ಸರಿಯಾಗಿ ಉಣ್ಣುವುದಿಲ್ಲ, ಬಿಪಿ ಇಳಿದಿದೆ’ ಎಂದು ತೀರ್ಪು ಕೊಡುತ್ತಾರೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿಯಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮರುದಿನ ವೈದ್ಯರಲ್ಲಿಗೆ ಹೋದಾಗ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ರಕ್ತದೊತ್ತಡ ಅಳೆಯಲಾಗುತ್ತದೆ. 100/64 ಎಂದು ಬರುತ್ತದೆ. ಮನೆಯವರ ತೀರ್ಪಿಗೆ ಮುದ್ರೆ ಬಿದ್ದಂತಾಗುತ್ತದೆ.

ಈ ಅಳತೆಯಲ್ಲಿ ಎರಡು ಕೊರತೆಗಳಿವೆ. ತೆಳ್ಳನೆಯ ಮೈಕಟ್ಟಿನ ಹರೆಯದವರಿಗೆ 100/64 ಎಂಬುದು ರೋಗವಲ್ಲ, ಅದು ಅವರ ಸಹಜ ಒತ್ತಡ. ಎರಡನೆಯದಾಗಿ, ಆಕೆಗೆ ತೊಂದರೆಯಾದದ್ದು ನಿಂತಾಗ, ಅಳೆದದ್ದು ಕುಳಿತಾಗ. ನಿಂತಿರುವ ಹೊತ್ತಿನಲ್ಲಿ ಒತ್ತಡ ಎಷ್ಟಿತ್ತು, ಅದಕ್ಕಿಂತ ಮುಖ್ಯವಾಗಿ ನಾಡಿ ಎಷ್ಟಿತ್ತು ಎಂಬುದನ್ನು ಯಾರೂ ನೋಡಲಿಲ್ಲ. ಹಾಗೆ ನೋಡಿದ್ದರೆ ಇಂಥವರಲ್ಲಿ ಕೆಲವರ ಒತ್ತಡ ಸ್ವಲ್ಪವೂ ಇಳಿದಿಲ್ಲವೆಂದೂ, ನಾಡಿ ಮಾತ್ರ ಓಟದ ಸ್ಪರ್ಧೆಯಲ್ಲಿರುವವರ ಹಾಗೆ ಓಡುತ್ತಿದೆಯೆಂದೂ ಗೊತ್ತಾಗುತ್ತಿತ್ತು. ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಪೋಸ್ಚುರಲ್ ಟ್ಯಾಕಿಕಾರ್ಡಿಯಾ ಸಿಂಡ್ರೋಮ್ ಎಂದು ಹೆಸರು. ಸಂಕ್ಷೇಪವಾಗಿ ‘ಪಾಟ್ಸ್’ ಎನ್ನುತ್ತಾರೆ. ನಿಂತಾಗ ನಾಡಿ ಓಡುವ ತೊಂದರೆ ಎಂದು ನಾವು ತಿಳಿದುಕೊಂಡರೆ ಸಾಕು.

ಹೆಸರು ಹೊಸದು, ತೊಂದರೆ ಹಳೆಯದು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆ ಡವಗುಟ್ಟುವಿಕೆ, ತಲೆಸುತ್ತು, ದಣಿವುಗಳನ್ನು ಕಂಡ ಡಾಕೋಸ್ಟಾ ಎಂಬ ವೈದ್ಯರು 1871ರಲ್ಲಿಯೇ ಇದನ್ನು ಹೋಲುವ ಸ್ಥಿತಿಯೊಂದನ್ನು ಬರೆದಿಟ್ಟರು. ಆಮೇಲೆ ಬಹುಕಾಲ ಇದು ‘ನರದೌರ್ಬಲ್ಯ’, ‘ಅಂಜುಬುರುಕುತನ’ ಮುಂತಾದ ಹೆಸರುಗಳಡಿಯಲ್ಲಿ ಮರೆಯಾಗಿತ್ತು. 1993ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಶೋಂಡಾರ್ಫ್ ಮತ್ತು ಲೋ ಎಂಬ ವೈದ್ಯರು ನಾಡಿಯ ಅಳತೆಯನ್ನು ಮುಂದಿಟ್ಟು ಇದಕ್ಕೆ ಈಗಿನ ಹೆಸರನ್ನೂ ಲಕ್ಷಣವನ್ನೂ ಕೊಟ್ಟರು. ಇದು ಹೆಚ್ಚಾಗಿ ಹದಿಹರೆಯದಿಂದ ನಡುವಯಸ್ಸಿನೊಳಗಿನವರಿಗೆ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು.

ಮಲಗಿದ್ದವರು ಎದ್ದು ನಿಂತಾಗ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಎದೆಯ ಭಾಗದಲ್ಲಿದ್ದ ರಕ್ತದಲ್ಲಿ ಅರ್ಧ ಲೀಟರಿಗೂ ಮಿಕ್ಕಿದ ಪಾಲು ತನ್ನ ಭಾರಕ್ಕೆ ತಾನೇ ಹೊಟ್ಟೆ, ತೊಡೆ, ಕಾಲುಗಳ ಕಡೆಗೆ ಇಳಿಯುತ್ತದೆ. ಹೃದಯಕ್ಕೆ ಹಿಂದಿರುಗುವ ರಕ್ತ ಆ ಕ್ಷಣಕ್ಕೆ ಕಡಿಮೆಯಾಗುತ್ತದೆ. ಕುತ್ತಿಗೆಯ ರಕ್ತನಾಳಗಳಲ್ಲಿ ಒತ್ತಡವನ್ನು ಗಮನಿಸುವ ನರತುದಿಗಳಿವೆ. ಅವು ಇದನ್ನು ಕೂಡಲೇ ಮೆದುಳಿಗೆ ತಿಳಿಸುತ್ತವೆ. ಮೆದುಳು ಎರಡು ಆಜ್ಞೆಗಳನ್ನು ಕಳುಹಿಸುತ್ತದೆ: ಕೆಳಭಾಗದ ರಕ್ತನಾಳಗಳು ಬಿಗಿಯಬೇಕು, ಹೃದಯ ಸ್ವಲ್ಪ ಬೇಗ ಬಡಿಯಬೇಕು. ಆರೋಗ್ಯವಂತರಲ್ಲಿ ಮೊದಲ ಆಜ್ಞೆಯೇ ಬಹುಪಾಲು ಕೆಲಸ ಮಾಡಿಬಿಡುತ್ತದೆ. ನಾಡಿ ಹತ್ತರಿಂದ ಇಪ್ಪತ್ತು ಬಡಿತದಷ್ಟು ಏರಿ ಅಲ್ಲಿಗೆ ನಿಲ್ಲುತ್ತದೆ. ಇಷ್ಟೆಲ್ಲ ಒಂದು ನಿಮಿಷದೊಳಗೆ ಮುಗಿಯುವುದರಿಂದ ನಮಗೆ ಅರಿವೇ ಆಗುವುದಿಲ್ಲ.

ನಿಂತಾಗ ಒತ್ತಡ ಇಳಿಯುವ ತೊಂದರೆಯುಳ್ಳವರಲ್ಲಿ ಈ ಆಜ್ಞೆಗಳು ಸರಿಯಾಗಿ ತಲುಪುವುದಿಲ್ಲ, ಅಥವಾ ಔಷಧಿಯೊಂದು ಅವುಗಳಿಗೆ ಅಡ್ಡ ಬರುತ್ತದೆ. ರಕ್ತ ಕೆಳಗೆ ಇಳಿಯಿತು, ಒತ್ತಡವೂ ಇಳಿಯಿತು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಕುಸಿದರೆ ಅದು ನಿಜವಾದ ‘ನಿಂತಾಗಿನ ಲೋ ಬಿಪಿ’. ಇದನ್ನು ಹೆಚ್ಚಾಗಿ ಕಾಣುವುದು ವಯಸ್ಸಾದವರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ, ಅಧಿಕ ರಕ್ತದೊತ್ತಡಕ್ಕೆ ಅಥವಾ ಮೂತ್ರ ಹೆಚ್ಚಿಸಲು ಮಾತ್ರೆ ನುಂಗುವವರಲ್ಲಿ.

ಪಾಟ್ಸ್ ಇರುವವರ ಕಥೆ ಬೇರೆ. ಅವರಲ್ಲಿ ಒತ್ತಡವನ್ನು ದೇಹ ಬಿಟ್ಟುಕೊಡುವುದಿಲ್ಲ. ಆದರೆ ಅದನ್ನು ಉಳಿಸಿಕೊಳ್ಳಲು ತೆರುವ ಬೆಲೆ ಬಹಳ ದೊಡ್ಡದು. ಕೆಲವರಲ್ಲಿ ಕಾಲಿನ ರಕ್ತನಾಳಗಳನ್ನು ಬಿಗಿಯುವ ಸಣ್ಣ ನರಗಳು ಸೋತಿರುತ್ತವೆ, ಕೆಲವರಲ್ಲಿ ಒಟ್ಟು ರಕ್ತದ ಪ್ರಮಾಣವೇ ಕಡಿಮೆ ಇರುತ್ತದೆ, ಇನ್ನು ಕೆಲವರಲ್ಲಿ ನಿಂತಾಗ ನಾರ್‌ಅಡ್ರಿನಲಿನ್ ಎಂಬ ಉತ್ತೇಜಕ ಅತಿಯಾಗಿ ಸುರಿಯುತ್ತದೆ. ಒಬ್ಬರಲ್ಲಿಯೇ ಎರಡು ಮೂರು ಕಾರಣಗಳು ಕಲೆತಿರುವುದೂ ಉಂಟು. ಯಾವುದೇ ಆಗಲಿ, ಹೃದಯಕ್ಕೆ ಬರುವ ರಕ್ತ ಕಡಿಮೆಯಾದ್ದರಿಂದ ಅದು ಒಂದೊಂದು ಬಡಿತಕ್ಕೂ ಕಡಿಮೆ ರಕ್ತವನ್ನು ತಳ್ಳುತ್ತದೆ, ಆ ಕೊರತೆಯನ್ನು ಬಡಿತಗಳ ಸಂಖ್ಯೆಯಿಂದ ತುಂಬಿಕೊಳ್ಳುತ್ತದೆ. ನಮ್ಮ ಕೋಲಾರ ಸೀಮೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ಕೊಳವೆಬಾವಿಯಲ್ಲಿ ನೀರು ಕೆಳಗಿಳಿದಾಗ ಮೋಟಾರಿನ ಸದ್ದು ಬದಲಾಗುತ್ತದೆ. ಅದು ಗಾಳಿಯನ್ನೂ ನೀರನ್ನೂ ಕಲಸಿ ಎಳೆಯುತ್ತ ಅಬ್ಬರಿಸುತ್ತದೆ. ಸದ್ದು ಕೇಳಿ ಮೋಟಾರು ಕೆಟ್ಟಿದೆ ಎಂದು ಬಿಚ್ಚಿ ನೋಡಿದರೆ ಒಳಗೆ ಏನೂ ಕೆಟ್ಟಿರುವುದಿಲ್ಲ. ಪಾಟ್ಸ್ ಇರುವವರ ಇ.ಸಿ.ಜಿ., ಹೃದಯದ ಸ್ಕ್ಯಾನ್ ಎಲ್ಲವೂ ಸರಿಯಾಗಿ ಬಂದು, ‘ಏನೂ ಇಲ್ಲ, ಹೆದರಿಕೆ ಅಷ್ಟೇ’ ಎಂದು ಕಳುಹಿಸಲ್ಪಡುವುದು ಹೀಗೆಯೇ.

ಒತ್ತಡ ಇಳಿಯದಿದ್ದರೆ ತಲೆಸುತ್ತು ಏಕೆ ಎಂದು ಓದುಗರು ಕೇಳಬಹುದು. ತೋಳಿನಲ್ಲಿ ಅಳೆದ ಒತ್ತಡ ಸರಿಯಿದ್ದರೂ ಮೆದುಳಿಗೆ ಹರಿಯುವ ರಕ್ತ ಕಡಿಮೆಯಾಗಿರಬಹುದು. ನಿಂತಾಗ ಇವರಲ್ಲಿ ಅನೇಕರು ತಮಗೇ ತಿಳಿಯದಂತೆ ಆಳವಾಗಿ, ಬೇಗಬೇಗ ಉಸಿರಾಡುತ್ತಾರೆ. ಅದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರವಾಗುವುದು, ಬೆರಳ ತುದಿಗಳು ಜುಮ್ಮೆನ್ನುವುದು, ಓದಿದ್ದು ತಲೆಗೆ ಹತ್ತದಿರುವುದು ಇದರಿಂದಲೇ. ಕೈ ನಡುಗುವುದು, ಬೆವರುವುದು, ಎದೆ ಡವಗುಟ್ಟುವುದು ಉತ್ತೇಜಕದ ಕೆಲಸ. ಕೆಲವರಲ್ಲಿ ನಿಂತ ಸ್ವಲ್ಪ ಹೊತ್ತಿಗೆ ಪಾದಗಳು ನೇರಳೆ ಛಾಯೆಗೆ ತಿರುಗುತ್ತವೆ. ಮಲಗಿದರೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಹಗುರವಾಗುತ್ತವೆ. ಈ ರೋಗದ ಗುರುತೇ ಅದು. ಮಲಗಿದ್ದಾಗಲೂ ಹಾಗೆಯೇ ಡವಗುಟ್ಟುವ ಎದೆಗೆ ಬೇರೆ ಕಾರಣ ಹುಡುಕಬೇಕು.

ಈಗ ಅಳೆಯುವ ಕ್ರಮಕ್ಕೆ ಬರೋಣ. ಇದಕ್ಕೆ ದೊಡ್ಡ ಯಂತ್ರ ಬೇಡ. ತೋಳಿಗೆ ಕಟ್ಟುವ ಬಿಪಿ ಯಂತ್ರ, ಒಂದು ಗಡಿಯಾರ, ಒಂದು ಹಾಳೆ, ಪಕ್ಕದಲ್ಲಿ ಒಬ್ಬರು ಇದ್ದರೆ ಸಾಕು. ಬೆಳಗಿನ ಹೊತ್ತು ಒಳ್ಳೆಯದು, ಏಕೆಂದರೆ ವ್ಯತ್ಯಾಸ ಬೆಳಿಗ್ಗೆಯೇ ಹೆಚ್ಚು ಕಾಣುತ್ತದೆ. ಕಾಫಿ, ಟೀ ಕುಡಿದಿರಬಾರದು. ಮೂತ್ರ ವಿಸರ್ಜಿಸಿ ಬಂದಿರಬೇಕು. ಮೊದಲು ಹತ್ತು ನಿಮಿಷ ಅಂಗಾತ ಮಲಗಬೇಕು. ಆ ಹತ್ತನೆಯ ನಿಮಿಷದ ಕೊನೆಯಲ್ಲಿ ನಾಡಿ ಮತ್ತು ಒತ್ತಡವನ್ನು ಬರೆದುಕೊಳ್ಳಬೇಕು. ಆಮೇಲೆ ನೇರವಾಗಿ ಎದ್ದು, ಗೋಡೆಯಿಂದ ಹಿಮ್ಮಡಿಗಳನ್ನು ಒಂದು ಗೇಣಿಗಿಂತ ತುಸು ಕಡಿಮೆ ದೂರದಲ್ಲಿಟ್ಟು, ಭುಜಗಳನ್ನು ಮಾತ್ರ ಗೋಡೆಗೆ ಒರಗಿಸಿ ನಿಲ್ಲಬೇಕು. 1, 3, 5, 7 ಮತ್ತು 10ನೆಯ ನಿಮಿಷಗಳಲ್ಲಿ ಮತ್ತೆ ಅಳೆಯಬೇಕು. ಅಳೆಯುವಾಗ ತೋಳನ್ನು ಇನ್ನೊಬ್ಬರು ಎದೆಯ ಮಟ್ಟಕ್ಕೆ ಹಿಡಿದಿರಬೇಕು. ಜೋತುಬಿದ್ದ ತೋಳಿನಲ್ಲಿ ಅಂಕಿ ಹೆಚ್ಚಾಗಿ ಬರುತ್ತದೆ.

ಈ ಪರೀಕ್ಷೆ ಕೆಡುವುದು ಸಣ್ಣ ಸಣ್ಣ ಕಾರಣಗಳಿಂದ. ಮಲಗಿದ್ದವರು ಮಂಚದ ಅಂಚಿನಲ್ಲಿ ನಾಲ್ಕು ನಿಮಿಷ ಕುಳಿತು ಮಾತನಾಡಿ ಆಮೇಲೆ ನಿಂತರೆ ಏರಿಕೆ ಅರ್ಧವಾಗಿ ಕಾಣುತ್ತದೆ. ನಿಂತವರು ಕಾಲು ಬದಲಿಸುತ್ತ, ಮುಂಗಾಲಿನ ಮೇಲೆ ಏರಿಳಿಯುತ್ತ ಇದ್ದರೆ ಮೀನಖಂಡವೇ ರಕ್ತವನ್ನು ಮೇಲೆ ತಳ್ಳಿಬಿಡುತ್ತದೆ. ಎರಡು ನಿಮಿಷಕ್ಕೇ ‘ಸರಿಯಾಗಿದೆ’ ಎಂದು ನಿಲ್ಲಿಸಿಬಿಡುವುದು ಇನ್ನೊಂದು ತಪ್ಪು. ಕೆಲವರ ನಾಡಿ ಏಳನೆಯ ಎಂಟನೆಯ ನಿಮಿಷದಲ್ಲಿ ಏರುತ್ತದೆ. ಮೊದಲ ಅರ್ಧ ನಿಮಿಷದ ಏರಿಕೆ ಎಲ್ಲರಲ್ಲಿಯೂ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕಣ್ಣು ಕತ್ತಲೆಗಟ್ಟಿದರೆ ಮಾತ್ರ ಯಾವ ನಿಮಿಷವಾಗಿದ್ದರೂ ಪರೀಕ್ಷೆಯನ್ನು ನಿಲ್ಲಿಸಿ ಮಲಗಿಸಬೇಕು. ಹಿಂದೆ ಎಚ್ಚರ ತಪ್ಪಿ ಬಿದ್ದವರಿಗೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡದೆ ವೈದ್ಯರ ಎದುರಿನಲ್ಲಿಯೇ ಮಾಡಿಸುವುದು ಲೇಸು.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮೈಸೂರು ಮೈನ್ಸ್ ಕಡೆಯ ಹದಿನೆಂಟು ವರ್ಷದ ಹುಡುಗಿ. ಬೆಂಗಳೂರಿನ ಕಾಲೇಜಿನಲ್ಲಿ ಪದವಿಯ ಮೊದಲ ವರ್ಷ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳ ಸಾವಿರಾರು ಮಂದಿಗೆ ಓದೂ ಉದ್ಯೋಗವೂ ರೈಲಿನ ಆಚೆ ತುದಿಯಲ್ಲಿವೆ ಎಂಬುದು ಓದುಗರಿಗೆ ಗೊತ್ತೇ ಇದೆ. ನಮ್ಮ ಹುಡುಗಿಯೂ ಮುಂಜಾನೆಯ ರೈಲಿನಲ್ಲಿ ಬಾಗಿಲ ಬಳಿ ನಿಂತೇ ಹೋಗುವವಳು. ಆಷಾಢದಲ್ಲಿ ಆಕೆಗೆ ವಿಷಮ ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದಳು. ಜ್ವರ ಹೋಯಿತು, ಆದರೆ ಅದಾದ ಮೇಲೆ ರೈಲು ವೈಟ್‌ಫೀಲ್ಡ್ ದಾಟುವುದರೊಳಗೆ ಎದೆ ಡವಗುಟ್ಟಿ ತಲೆ ತೇಲತೊಡಗುತ್ತದೆ. ಐದು ತಿಂಗಳಾದರೂ ಹಾಗೆಯೇ ಇದೆ. ಮನೆಯವರು ಲೋ ಬಿಪಿ ಎಂದು ದ್ರಾಕ್ಷಿ, ಖರ್ಜೂರ ಕೊಟ್ಟಿದ್ದಾರೆ.

ಮಲಗಿದ್ದಾಗ ಆಕೆಯ ನಾಡಿ 72, ಒತ್ತಡ 106/68. ನಿಂತ ಒಂದನೆಯ ನಿಮಿಷದಲ್ಲಿ ನಾಡಿ 104, ಒತ್ತಡ 104/70. ಐದನೆಯ ನಿಮಿಷದಲ್ಲಿ ನಾಡಿ 118, ಒತ್ತಡ 104/74. ಹತ್ತನೆಯ ನಿಮಿಷದಲ್ಲಿ ನಾಡಿ 122, ಒತ್ತಡ 102/74. ತುಟಿ ಒಣಗಿದೆ, ಕೈ ನಡುಗುತ್ತಿದೆ, ಕುಳಿತುಬಿಡಬೇಕೆನಿಸುತ್ತಿದೆ. ಒತ್ತಡ ಇಳಿದದ್ದು ಕೇವಲ 4. ನಾಡಿ ಏರಿದ್ದು 50. ಹನ್ನೆರಡರಿಂದ ಹತ್ತೊಂಬತ್ತು ವರ್ಷದವರಲ್ಲಿ ಸಹಜವಾಗಿಯೇ ಏರಿಕೆ ಹೆಚ್ಚಿರುವುದರಿಂದ ಅವರಿಗೆ 40 ಬಡಿತದ ಏರಿಕೆಯನ್ನು ಗಡಿಯಾಗಿ ಇಟ್ಟಿದ್ದಾರೆ. ಅದಕ್ಕಿಂತ ದೊಡ್ಡವರಿಗೆ 30. ಏರಿದ ನಾಡಿ ಇಳಿಯದೆ ನಿಲ್ಲಬೇಕು, ನಿಂತಾಗಿನ ತೊಂದರೆ ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದಿರಬೇಕು, ಒತ್ತಡ ಕುಸಿದಿರಬಾರದು, ಬೇರೆ ಕಾರಣ ಸಿಗಬಾರದು. ಇಷ್ಟೂ ಕೂಡಿದರೆ ಮಾತ್ರ ಪಾಟ್ಸ್ ಎನ್ನಬಹುದು. ಒಂದು ದಿನದ ಅಂಕಿಯನ್ನು ನಂಬದೆ ಬೇರೆ ಬೇರೆ ದಿನಗಳಲ್ಲಿ ಎರಡು ಮೂರು ಬಾರಿ ಅಳೆದು ಬರೆದಿಡಬೇಕು.

ಇದೇ ಮನೆಯ ಅಜ್ಜನನ್ನು ಅಳೆದೆವೆನ್ನಿ. ಅವರು ಬಿಪಿ ಮಾತ್ರೆ ನುಂಗುವವರು. ಮಲಗಿದ್ದಾಗ 138/82, ನಾಡಿ 70. ನಿಂತ ಎರಡನೆಯ ನಿಮಿಷದಲ್ಲಿ 108/66, ನಾಡಿ 78. ಅಜ್ಜನಿಗೂ ತಲೆ ಸುತ್ತಿತು, ಮೊಮ್ಮಗಳಿಗೂ ತಲೆ ಸುತ್ತಿತು. ಆದರೆ ಹಾಳೆಯ ಮೇಲಿನ ಅಂಕಿಗಳು ಒಂದಕ್ಕೊಂದು ಬೆನ್ನು ತಿರುಗಿಸಿವೆ. ಆಕೆಯ ಅಕ್ಕನನ್ನು ಅಳೆದರೆ ಮಲಗಿದ್ದಾಗ 92/60, ನಿಂತಾಗ 94/64, ನಾಡಿ 68ರಿಂದ 82. ಮೂವರಲ್ಲಿ ಅತಿ ಕಡಿಮೆ ಒತ್ತಡ ಅಕ್ಕನದೇ. ಆಕೆಗೆ ಯಾವ ತೊಂದರೆಯೂ ಇಲ್ಲ, ಔಷಧಿಯೂ ಬೇಡ.

ಈ ಭೇದ ಪುಸ್ತಕದ ಪಾಂಡಿತ್ಯಕ್ಕಾಗಿ ಅಲ್ಲ. ಅಜ್ಜನಿಗೆ ಬೇಕಾದದ್ದು ಮಾತ್ರೆಯ ಪ್ರಮಾಣದ ಮರುಪರಿಶೀಲನೆ. ಅವರಿಗೆ ಮೊಮ್ಮಗಳಂತೆ ಉಪ್ಪು ಹೆಚ್ಚಿಸಿದರೆ ಮಲಗಿದ್ದಾಗಿನ ಒತ್ತಡ ಇನ್ನೂ ಏರೀತು. ನಾಡಿಯ ವೇಗವನ್ನು ತಗ್ಗಿಸಲು ಪಾಟ್ಸ್ ಇರುವ ಕೆಲವರಿಗೆ ವೈದ್ಯರು ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ನಿಜವಾಗಿ ಒತ್ತಡ ಕುಸಿಯುವವರಿಗೆ ಅದೇ ಮಾತ್ರೆ ಅವರನ್ನು ನೆಲಕ್ಕೆ ಕೆಡವಬಲ್ಲದು. ಆಸ್ತಮಾ ಇರುವವರಿಗೂ ಅದು ಸಲ್ಲದು. ಇನ್ನೊಬ್ಬರಿಗೆ ಬರೆದುಕೊಟ್ಟ ಚೀಟಿಯನ್ನು ತೋರಿಸಿ ಅಂಗಡಿಯಲ್ಲಿ ಮಾತ್ರೆ ಕೊಳ್ಳುವ ಅಭ್ಯಾಸ ನಮ್ಮ ಕಡೆ ಸಾಕಷ್ಟಿದೆಯಾದ್ದರಿಂದ ಇಷ್ಟು ಒತ್ತಿ ಹೇಳಬೇಕಾಯಿತು.

ನಾಡಿ ಏರಿದ್ದೆಲ್ಲ ಪಾಟ್ಸ್ ಆಗಿಬಿಡುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ನಮ್ಮ ಹೆಣ್ಣುಮಕ್ಕಳಲ್ಲಿ ಮೊದಲು ಸಂಶಯಪಡಬೇಕಾದದ್ದು ರಕ್ತಹೀನತೆಯನ್ನು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ ಹಿಮೋಗ್ಲೋಬಿನ್ 8ಕ್ಕೆ 9ಕ್ಕೆ ಇಳಿದಿದ್ದರೆ ನಿಂತಾಗ ನಾಡಿ ಓಡದೆ ಇನ್ನೇನಾದೀತು? ಅಂಥವರ ನಾಡಿ ಮಲಗಿದ್ದಾಗಲೂ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವವರಲ್ಲಿ ನಿದ್ರೆಯಲ್ಲಿಯೂ ನಾಡಿ ತಗ್ಗುವುದಿಲ್ಲ. ಮೈ ಇಳಿಯುತ್ತದೆ, ಸೆಕೆ ತಾಳಲಾಗುವುದಿಲ್ಲ. ವಾಂತಿ ಭೇದಿಯಾದ ಮೇಲೆ ನಾಡಿ ಏರುವುದರ ಜೊತೆಗೆ ಒತ್ತಡವೂ ಇಳಿಯಬಹುದು. ಅದು ನೀರಿನ ಕೊರತೆ, ಎರಡು ದಿನದಲ್ಲಿ ಸರಿಹೋಗುವಂಥದು. ಆದ್ದರಿಂದ ಹಾಳೆಯೊಂದಿಗೆ ವೈದ್ಯರಲ್ಲಿಗೆ ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಲವಣಾಂಶಗಳ ರಕ್ತಪರೀಕ್ಷೆ ಮತ್ತು ಒಂದು ಇ.ಸಿ.ಜಿ. ಆಗಲೇಬೇಕು. ಇವಿಷ್ಟನ್ನೂ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಮಾಡಿಸಬಹುದು. ಸಂಶಯ ಉಳಿದರೆ ರೋಗಿಯನ್ನು ಹಲಗೆಯ ಮೇಲೆ ಕಟ್ಟಿ ನಿಧಾನವಾಗಿ ಎಬ್ಬಿಸಿ ನೋಡುವ ಪರೀಕ್ಷೆಯೊಂದಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಮಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ಈ ನರಗಳ ಪರೀಕ್ಷೆಗೆಂದೇ ಪ್ರಯೋಗಾಲಯವಿದೆ.

ಪಾಟ್ಸ್ ಬಹಳ ಸಲ ಯಾವುದಾದರೊಂದು ಜ್ವರದ ಬೆನ್ನಿಗೆ ಬರುತ್ತದೆ. ಕೋವಿಡ್ ಆದ ಮೇಲೆ ಇಂಥವರ ಸಂಖ್ಯೆ ಎಲ್ಲೆಡೆ ಹೆಚ್ಚಿದ್ದನ್ನು ವೈದ್ಯರು ಗಮನಿಸಿದ್ದಾರೆ. ಒಮ್ಮೆಲೇ ಎತ್ತರ ಬೆಳೆಯುವ ವಯಸ್ಸು, ಶಸ್ತ್ರಚಿಕಿತ್ಸೆ, ಬಹುದಿನ ಹಾಸಿಗೆ ಹಿಡಿದದ್ದು ಇವೂ ಕಾರಣವಾಗುತ್ತವೆ. ಕೀಲುಗಳು ಅತಿಯಾಗಿ ಬಾಗುವ ಮಕ್ಕಳಲ್ಲಿ ಇದು ಹೆಚ್ಚು.

ಆದರೆ ನಮ್ಮ ಊರಿನ ಹೆಣ್ಣುಮಕ್ಕಳ ವಿಷಯದಲ್ಲಿ ರೋಗವನ್ನು ಉಲ್ಬಣಗೊಳಿಸುವ ಒಂದು ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. ಬೆಳಿಗ್ಗೆ ಐದಕ್ಕೋ ಆರಕ್ಕೋ ಮನೆ ಬಿಡುವ ಹುಡುಗಿ ರೈಲಿನಲ್ಲಿ ಶೌಚಾಲಯದ ತನಕ ಜನರನ್ನು ನುಸುಳಿ ಹೋಗಲಾರಳು, ಹೋದರೂ ಅಲ್ಲಿನ ಸ್ಥಿತಿ ಹೇಳುವಂತಿರುವುದಿಲ್ಲ. ಆದ್ದರಿಂದ ಮನೆಯಿಂದಲೇ ನೀರು ಕುಡಿಯದೆ ಹೊರಡುತ್ತಾಳೆ. ಮಧ್ಯಾಹ್ನದ ವರೆಗೆ ಎರಡು ಗುಟುಕು, ಸಂಜೆ ಮನೆಗೆ ಬಂದ ಮೇಲೆ ಒಂದು ಚೊಂಬು. ದಿನಕ್ಕೆ ಒಂದು ಲೀಟರೂ ಒಳಗೆ ಹೋಗಿರುವುದಿಲ್ಲ. ರಕ್ತದ ಪ್ರಮಾಣ ಕಡಿಮೆಯಿರುವ ದೇಹಕ್ಕೆ ಇದಕ್ಕಿಂತ ಕೆಟ್ಟ ದಿನಚರಿಯನ್ನು ಹುಡುಕಿ ತರುವುದು ಕಷ್ಟ. ಮಗಳ ತಲೆಸುತ್ತಿಗೆ ಖರ್ಜೂರ ಕೊಡುವ ತಾಯಂದಿರು ಮೊದಲು ಕೇಳಬೇಕಾದ ಪ್ರಶ್ನೆ, ‘ಮೂತ್ರಕ್ಕೆ ಹೋಗುವುದು ದಿನಕ್ಕೆ ಎಷ್ಟು ಸಲ, ಅದರ ಬಣ್ಣ ಹೇಗಿದೆ?’ ಎಂಬುದು. ಗಾಢ ಹಳದಿಯಾಗಿದ್ದರೆ ಉತ್ತರ ಅಲ್ಲಿಯೇ ಇದೆ. ಕಾಲೇಜಿನಲ್ಲಿ ಶುಚಿಯಾದ ಶೌಚಾಲಯ ಎಲ್ಲಿದೆ ಎಂದು ವಿಚಾರಿಸಿ ತಿಳಿದುಕೊಳ್ಳುವುದೂ ಈ ಚಿಕಿತ್ಸೆಯ ಭಾಗವೇ.

ಚಿಕಿತ್ಸೆಯ ಅಡಿಪಾಯ ನೀರು ಮತ್ತು ಉಪ್ಪು. ದಿನಕ್ಕೆ ಎರಡರಿಂದ ಮೂರು ಲೀಟರ್ ದ್ರವ ಬೇಕು. ಅದರಲ್ಲಿ ಅರ್ಧ ಲೀಟರನ್ನು ಹಾಸಿಗೆಯಿಂದ ಏಳುವ ಮೊದಲೇ, ಐದು ನಿಮಿಷದೊಳಗೆ ಕುಡಿದರೆ ಮುಂದಿನ ಒಂದು ಗಂಟೆ ನಿಲ್ಲುವುದು ಹಗುರವಾಗುತ್ತದೆ. ಉಪ್ಪು ಒಟ್ಟು ದಿನಕ್ಕೆ 10 ಗ್ರಾಂ ಆಸುಪಾಸು ಎಂದು ವೈದ್ಯರು ಹೇಳುವುದುಂಟು. ನಮ್ಮ ಸಾರು, ಉಪ್ಪಿನಕಾಯಿಗಳಲ್ಲಿ ಅದರ ದೊಡ್ಡ ಪಾಲು ಈಗಾಗಲೇ ಇರುವುದರಿಂದ ಹೆಚ್ಚುವರಿಯಾಗಿ ಬೇಕಾಗುವುದು ಅರ್ಧ ಟೀ ಚಮಚದಷ್ಟು. ಅದನ್ನು ಮಜ್ಜಿಗೆಯಲ್ಲಿಯೋ ನಿಂಬೆಯ ಪಾನಕದಲ್ಲಿಯೋ ಹಂಚಿ ಕುಡಿಯಬಹುದು. ಮೂತ್ರಪಿಂಡದ ತೊಂದರೆ, ಅಧಿಕ ರಕ್ತದೊತ್ತಡ, ಹೃದ್ರೋಗ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ಅದು ನಿಲ್ಲದೆ ಹೊರಹೋಗುತ್ತದೆ. ಉಪ್ಪು ಜೊತೆಗಿದ್ದರೆ ಮಾತ್ರ ನೀರು ರಕ್ತದಲ್ಲಿ ಉಳಿಯುತ್ತದೆ. ದೊಡ್ಡ ಮುದ್ದೆಯ ಒಂದು ಊಟಕ್ಕಿಂತ ಚಿಕ್ಕ ಮುದ್ದೆಯ ಎರಡು ಊಟ ಒಳ್ಳೆಯದು, ಏಕೆಂದರೆ ತುಂಬಿದ ಹೊಟ್ಟೆ ರಕ್ತವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಎರಡನೆಯದು ವ್ಯಾಯಾಮ. ಎದ್ದರೆ ಸುಸ್ತು ಎಂದು ಮಲಗಿದಷ್ಟೂ ರಕ್ತದ ಪ್ರಮಾಣ ಇಳಿಯುತ್ತದೆ, ಕಾಲಿನ ಸ್ನಾಯು ಕರಗುತ್ತದೆ, ರೋಗ ಬಲಿಯುತ್ತದೆ. ಹಾಗೆಂದು ‘ಬೆಳಿಗ್ಗೆ ಎರಡು ಮೈಲಿ ನಡೆ’ ಎಂದು ಅಟ್ಟಿದರೆ ಹುಡುಗಿ ಮೂರನೆಯ ದಿನ ಬಿಟ್ಟುಬಿಡುತ್ತಾಳೆ. ಇದಕ್ಕೆ ದಾರಿಯೆಂದರೆ ಮಲಗಿಯೇ ಆರಂಭಿಸುವುದು: ಅಂಗಾತ ಮಲಗಿ ಸೈಕಲ್ ತುಳಿದಂತೆ ಕಾಲಾಡಿಸುವುದು, ಮಂಡಿ ಮಡಿಚಿ ಸೊಂಟವನ್ನು ಎತ್ತಿ ಇಳಿಸುವುದು, ಒಂದೊಂದೇ ಕಾಲನ್ನು ನೇರವಾಗಿ ಎತ್ತುವುದು. ವಾರಕ್ಕೆ ಮೂರು ನಾಲ್ಕು ದಿನ, ಮೊದಲು ಹತ್ತು ನಿಮಿಷ, ವಾರವಾರಕ್ಕೆ ತುಸುತುಸು ಹೆಚ್ಚು. ಒಂದೆರಡು ತಿಂಗಳ ಬಳಿಕ ಕುಳಿತು ಮಾಡುವಂಥದು, ಆಮೇಲೆ ನಡಿಗೆ. ಮೊದಲ ಮೂರು ನಾಲ್ಕು ವಾರ ದಣಿವು ಹೆಚ್ಚೇ ಆಗುತ್ತದೆ. ಅನೇಕರು ಇಲ್ಲಿಯೇ ಕೈಬಿಡುತ್ತಾರೆ. ಫಲ ಕಾಣಲು ಮೂರು ತಿಂಗಳು ಬೇಕು. ಸ್ವಲ್ಪ ಮಾಡಿದರೂ ಮರುದಿನ ಏಳಲಾಗದಷ್ಟು ಸೋಲುವವರು ಮಾತ್ರ ಪ್ರಮಾಣವನ್ನು ಹೆಚ್ಚಿಸದೆ ವೈದ್ಯರನ್ನು ಕೇಳಬೇಕು. ಸೊಂಟದವರೆಗೆ ಬರುವ ಬಿಗಿ ಕಾಲುಚೀಲ ಅಥವಾ ಹೊಟ್ಟೆಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. ಮಂಡಿಯ ತನಕದ ಚೀಲದಿಂದ ಹೆಚ್ಚು ಪ್ರಯೋಜನವಿಲ್ಲ. ರಕ್ತ ಹೆಚ್ಚಾಗಿ ನಿಲ್ಲುವುದು ಹೊಟ್ಟೆ ಮತ್ತು ತೊಡೆಗಳಲ್ಲಿ.

ರೈಲಿನಲ್ಲಿ ನಿಲ್ಲಲೇಬೇಕಾದಾಗ ಒಂದು ಕಾಲನ್ನು ಇನ್ನೊಂದಕ್ಕೆ ಅಡ್ಡ ಹಾಕಿ ತೊಡೆ ಮತ್ತು ಪೃಷ್ಠಗಳನ್ನು ಬಿಗಿಹಿಡಿದು ಬಿಡುತ್ತಿರಬೇಕು, ಮುಂಗಾಲ ಮೇಲೆ ಏರಿಳಿಯಬೇಕು. ಕಣ್ಣು ಮಂಜಾದರೆ ಸಂಕೋಚಪಡದೆ ನೆಲದ ಮೇಲೆ ಕುಳಿತುಬಿಡಬೇಕು. ಬೀಳುವುದಕ್ಕಿಂತ ಕುಳಿತುಕೊಳ್ಳುವುದು ಮೇಲು.

ಮನೆಯ ಆಚರಣೆಗಳಲ್ಲಿಯೂ ಸಣ್ಣ ಬದಲಾವಣೆಗಳು ಸಾಕು. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಸ್ನಾನವನ್ನು ಉಗುರುಬೆಚ್ಚನೆಯ ನೀರಿನಲ್ಲಿ, ಮಣೆಯ ಮೇಲೆ ಕುಳಿತು ಮಾಡಬೇಕು. ಇಷ್ಟಲಿಂಗ ಪೂಜೆಗೆ ಪದ್ಮಾಸನದಲ್ಲಿ ಕುಳಿತಿರುವಷ್ಟು ಹೊತ್ತು ತೊಂದರೆಯಿಲ್ಲ. ತೊಂದರೆ ಇರುವುದು ಏಳುವಾಗ. ಮೊದಲು ಮಂಡಿಯೂರಿ, ಒಂದು ನಿಮಿಷ ತಡೆದು, ಗೋಡೆ ಹಿಡಿದು ಏಳಬೇಕು. ದೀರ್ಘದಂಡ ನಮಸ್ಕಾರದಿಂದ ಏಳುವಾಗಲೂ ಹೀಗೆಯೇ. ಪೂಜೆ ಮುಗಿಯುವ ತನಕ ನೀರೂ ಮುಟ್ಟದ ನಿಯಮವುಳ್ಳ ಮನೆಗಳಲ್ಲಿ ಈ ಮಕ್ಕಳಿಗೆ ನೀರಿನ ಮಟ್ಟಿಗೆ ವಿನಾಯಿತಿ ಕೊಡಬೇಕೆಂದು ನಮ್ಮ ವಿನಂತಿ. ಶಿವರಾತ್ರಿಯ ಉಪವಾಸದಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ ತಪ್ಪಬಾರದು. ದರ್ಶನದ ಸಾಲಿನಲ್ಲಿ ಅವರು ನಡುವೆ ಕುಳಿತರೆ ಅದನ್ನು ಅಶ್ರದ್ಧೆಯೆಂದು ಬಗೆಯಬಾರದು.

ಕೆಲವು ಲಕ್ಷಣಗಳನ್ನು ಕಂಡರೆ ಮನೆಯ ಅಳತೆ, ಮಜ್ಜಿಗೆಗಳನ್ನು ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಓಡುವಾಗ ಅಥವಾ ಆಡುವಾಗ ಎಚ್ಚರ ತಪ್ಪುವುದು, ಯಾವ ಮುನ್ಸೂಚನೆಯೂ ಇಲ್ಲದೆ ಬೀಳುವುದು, ಮಲಗಿದ್ದಾಗಲೇ ನಾಡಿ ಗುಂಡಿ ಒತ್ತಿದಂತೆ 180ಕ್ಕೆ ಏರಿ ಹಾಗೆಯೇ ಥಟ್ಟನೆ ಇಳಿಯುವುದು, ಶ್ರಮಪಟ್ಟಾಗ ಎದೆನೋವು, ಮಲ ಕಪ್ಪಾಗಿ ಹೋಗುವುದು, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಹೋದ ಇತಿಹಾಸ. ಇವು ಪಾಟ್ಸ್‌ನ ಲಕ್ಷಣಗಳಲ್ಲ.

ಪಾಟ್ಸ್ ಪ್ರಾಣಕ್ಕೆ ಎರವಾಗುವ ರೋಗವಲ್ಲ. ಹರೆಯದವರಲ್ಲಿ ಹೆಚ್ಚಿನವರು ಒಂದೆರಡು ವರ್ಷಗಳಿಂದ ಕೆಲವು ವರ್ಷಗಳೊಳಗೆ ಸುಧಾರಿಸುತ್ತಾರೆ; ಎಲ್ಲರೂ ಪೂರ್ಣವಾಗಿ ಗುಣವಾಗುತ್ತಾರೆಂದು ಹೇಳಲಾಗದು. ನಮ್ಮ ಉದಾಹರಣೆಯ ಹುಡುಗಿಯ ವಿಷಯದಲ್ಲಿ ರಕ್ತಪರೀಕ್ಷೆಗಳು ಸರಿಯಾಗಿ ಬಂದು, ನೀರು, ಉಪ್ಪು, ವ್ಯಾಯಾಮಗಳು ನಾಲ್ಕು ತಿಂಗಳು ತಪ್ಪದೆ ನಡೆದವೆಂದುಕೊಳ್ಳೋಣ. ಆಗ ಅಳೆದರೆ ಮಲಗಿದ್ದಾಗ ನಾಡಿ 68, ಹತ್ತನೆಯ ನಿಮಿಷದಲ್ಲಿ 100 ಎಂದು ಬಂದರೆ ಅದು ನಿರೀಕ್ಷಿಸಬಹುದಾದ ಒಳ್ಳೆಯ ಫಲ. ಏರಿಕೆ 50ರಿಂದ 32ಕ್ಕೆ ಇಳಿಯಿತು. ಆಕೆ ವೈಟ್‌ಫೀಲ್ಡ್ ದಾಟುವ ತನಕ ನಿಲ್ಲಬಲ್ಲಳು. ಬೇಸಿಗೆಯ ದಿನಗಳಲ್ಲಿ, ಮುಟ್ಟಿನ ಮೊದಲ ಎರಡು ದಿನಗಳಲ್ಲಿ ಮಾತ್ರ ಯಾರನ್ನಾದರೂ ಕೇಳಿ ಕುಳಿತುಕೊಳ್ಳಬೇಕಾಗುತ್ತದೆ. ಆ ದಿನಗಳ ಅಂಕಿಗಳನ್ನೂ ಅದೇ ಹಾಳೆಯಲ್ಲಿ ತಾರೀಖಿನೊಡನೆ ಬರೆದಿಟ್ಟು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಬೇಕು.